‘ನೀಲಿ ಮಾಡಿಕೊಡೋಕಾಗುತ್ತಾ?’: ಒಂದು ವಿನಂತಿಯ ಕ್ರಿಯಾಪದರಚನೆ

ಕನ್ನಡದ ವಿನಂತಿಗಳಲ್ಲಿ ಸೌಜನ್ಯವು ಎಲ್ಲಿ ನೆಲೆಸಿದೆ ಎಂಬ ಪ್ರಶ್ನೆಗೆ ‘ದಯವಿಟ್ಟು’, ‘ತಾವು’ ಮೊದಲಾದ ಪದಗಳನ್ನು ತೋರಿಸಿ ಉತ್ತರಿಸುವುದು ವಾಡಿಕೆ. ಆಡುಮಾತಿಗೆ ಹತ್ತಿರವಾದ ಬರವಣಿಗೆಯನ್ನು ಗಮನಿಸಿದರೆ ಈ ಉತ್ತರ ಸಾಲದೆಂದು ತೋರುತ್ತದೆ. ವಿನಂತಿಯ ಭಾರವನ್ನು ಹೊರುವುದು ಕ್ರಿಯಾಪದ: ಅದಕ್ಕೆ ಸೇರುವ ಸಹಾಯಕ ಧಾತುಗಳು, ಅದು ತಳೆಯುವ ಲಿಂಗ ಮತ್ತು ವಚನ, ಅದರ ಕರ್ತೃವನ್ನು ಹೇಳಲಾಗಿದೆಯೋ ಇಲ್ಲವೋ ಎಂಬುದು. ಈ ಲೇಖನದಲ್ಲಿ ನಾವು ಇದನ್ನು ಒಂದೇ ಪ್ರಸಂಗದ ಮೂಲಕ ವಿವರಿಸಲು ಯತ್ನಿಸಿದ್ದೇವೆ. ಮಗುವೊಂದರ ತಾಯಿ ಛಾಯಾಚಿತ್ರ ಸ್ಟುಡಿಯೋಗೆ ಕಳುಹಿಸಿದ ಒಂದು ಸಂದೇಶ, ಹಾಗೂ ಅದರ ಬೆನ್ನಿಗೆ ನಡೆದ ಕೆಲವು ಮಾತುಗಳು ನಮ್ಮ ಸಾಮಗ್ರಿ. ಕಳುಹಿಸಿದವರ ಒಪ್ಪಿಗೆಯಿಂದ, ಗುರುತು ಸಿಗುವ ವಿವರಗಳನ್ನು ತೆಗೆದು, ಅವನ್ನು ಇಲ್ಲಿ ಬಳಸಿದ್ದೇವೆ.

ಸಂದರ್ಭವನ್ನು ಮೊದಲು ಹೇಳಬೇಕು. ಶಾಲೆಯ ವಾರ್ಷಿಕ ಛಾಯಾಚಿತ್ರಕ್ಕೆ ಸ್ಟುಡಿಯೋವನ್ನು ಕರೆಸುವುದು ಶಾಲೆ. ತರಗತಿಯ ಮಕ್ಕಳನ್ನು ಎತ್ತರದ ಕ್ರಮದಲ್ಲಿ ಬೆಂಚುಗಳ ಮೇಲೆ ನಿಲ್ಲಿಸಿ, ನಡುವೆ ಶಿಕ್ಷಕಿಯನ್ನು ಕೂರಿಸಿ ತೆಗೆದ ಚಿತ್ರದ ಮಾದರಿ ಪ್ರತಿ ಮುದ್ರಣಕ್ಕೆ ಮುನ್ನ ಪೋಷಕರ ಮೊಬೈಲಿಗೆ ಬರುತ್ತದೆ. ಹಣ ಕೊಡುವವರು ಪೋಷಕರು. ಆದರೆ ಸ್ಟುಡಿಯೋದ ವ್ಯವಹಾರವಿರುವುದು ಶಾಲೆಯೊಡನೆ. ನಮ್ಮ ಪ್ರಸಂಗದಲ್ಲಿ ಮೂರನೆಯ ತರಗತಿಯ ಮಕ್ಕಳೆಲ್ಲ ಕಡುನೀಲಿ ಅಂಗಿಯಲ್ಲಿದ್ದಾರೆ. ಒಬ್ಬ ಹುಡುಗ ಮಾತ್ರ ಶನಿವಾರದ ಬಿಳಿ ಸಮವಸ್ತ್ರದಲ್ಲಿ ಎರಡನೆಯ ಸಾಲಿನ ನಟ್ಟನಡುವೆ ನಿಂತಿದ್ದಾನೆ. ಚಿತ್ರವನ್ನು ಯಾರೇ ನೋಡಿದರೂ ಕಣ್ಣು ಮೊದಲು ಅವನ ಮೇಲೆ ಬೀಳುತ್ತದೆ. ಈ ಚಿತ್ರ ಮುಂದೆ ಎಷ್ಟೋ ವರ್ಷ ಮೂವತ್ತು ನಲವತ್ತು ಮನೆಗಳಲ್ಲಿ ಇರಲಿದೆ. ತಾಯಿ ಬರೆದದ್ದು ಹೀಗೆ:

(1) “ನಮಸ್ಕಾರ ಸರ್. ನಾನು ಮೂರನೇ ಕ್ಲಾಸ್ ಬಿ ಸೆಕ್ಷನ್ ಹುಡುಗನ ತಾಯಿ. ಗ್ರೂಪ್ ಫೋಟೋ ತುಂಬ ಚೆನ್ನಾಗಿ ಬಂದಿದೆ. ಒಂದು ಚಿಕ್ಕ ವಿಷಯ. ಅವತ್ತು ಫೋಟೋ ಅಂತ ನಮಗೆ ಗೊತ್ತಾಗ್ಲಿಲ್ಲ, ಇವನೊಬ್ಬ ಬಿಳಿ ಶರ್ಟಲ್ಲಿ ಬಂದಿದ್ದಾನೆ. ಮಿಕ್ಕ ಮಕ್ಕಳೆಲ್ಲ ನೀಲಿಯಲ್ಲಿದ್ದಾರೆ. ಸಾಧ್ಯ ಆದ್ರೆ ಇವನ ಶರ್ಟ್ ಸ್ವಲ್ಪ ನೀಲಿ ಮಾಡಿಕೊಡೋಕಾಗುತ್ತಾ? ಎಕ್ಸ್‌ಟ್ರಾ ಚಾರ್ಜ್ ಇದ್ರೆ ಹೇಳಿ, ಕೊಡ್ತೀವಿ. ತೊಂದರೆ ಕೊಡ್ತಿದೀನಿ, ಬೇಜಾರು ಮಾಡ್ಕೋಬೇಡಿ.”

ವಿನಂತಿಗಳ ಅಧ್ಯಯನದಲ್ಲಿ ಬ್ಲುಮ್-ಕುಲ್ಕ, ಹೌಸ್ ಮತ್ತು ಕ್ಯಾಸ್ಪರ್ ಅವರ 1989ರ ಸಂಪುಟದಿಂದ ರೂಢಿಗೆ ಬಂದ ಕ್ರಮವೆಂದರೆ, ಸಂದೇಶದಲ್ಲಿ ಕೇಳಿಕೆಯನ್ನು ನಿಜವಾಗಿ ನೆರವೇರಿಸುವ ಕೇಂದ್ರೋಕ್ತಿಯನ್ನು ಗುರುತಿಸಿ, ಉಳಿದ ಮಾತುಗಳನ್ನು ಅದರ ಪೋಷಕೋಕ್ತಿಗಳೆಂದು ಬೇರ್ಪಡಿಸುವುದು. ಇಲ್ಲಿ ಕೇಂದ್ರೋಕ್ತಿ ‘ಇವನ ಶರ್ಟ್ ಸ್ವಲ್ಪ ನೀಲಿ ಮಾಡಿಕೊಡೋಕಾಗುತ್ತಾ’ ಎಂಬ ವಾಕ್ಯ. ನಮ್ಮ ಚರ್ಚೆಯ ಬಹುಪಾಲು ಅದರ ಕೊನೆಯ ಪದವನ್ನು ಕುರಿತದ್ದು. ಸಂದೇಶದಲ್ಲಿ ‘ದಯವಿಟ್ಟು’ ಎಲ್ಲಿಯೂ ಇಲ್ಲವೆಂಬುದನ್ನು ಓದುಗರು ಗಮನಿಸಿರಬಹುದು. ಅದು ಇಂದು ಹೆಚ್ಚಾಗಿ ಫಲಕಗಳ ಪದ: ಚಪ್ಪಲಿ ಎಲ್ಲಿ ಬಿಡಬೇಕು, ಸಾಲಿನಲ್ಲಿ ಹೇಗೆ ನಿಲ್ಲಬೇಕು ಎಂದು ತಿಳಿಸುವ ವಿಧ್ಯರ್ಥ ವಾಕ್ಯಗಳ ಮುಂದೆ ಅದು ಚೆನ್ನಾಗಿ ಒಗ್ಗುತ್ತದೆ.

ಕರ್ತೃವಿಲ್ಲದ ಪ್ರಶ್ನೆ

‘ಮಾಡಿಕೊಡೋಕಾಗುತ್ತಾ’ ಎಂಬುದನ್ನು ಬಿಡಿಸಿದರೆ ‘ಮಾಡು’ ಧಾತುವಿನ ಕೃದಂತಾವ್ಯಯ ‘ಮಾಡಿ’, ಅದರ ಮೇಲೆ ‘ಕೊಡು’, ಅದರ ಮೇಲೆ ಗ್ರಾಂಥಿಕ ‘-ಅಲಿಕ್ಕೆ’ಗೆ ಸಂವಾದಿಯಾದ ‘-ಓಕೆ’, ಬಳಿಕ ‘ಆಗು’ ಧಾತುವಿನ ಪ್ರಥಮಪುರುಷ ನಪುಂಸಕ ಏಕವಚನ ರೂಪ, ಕೊನೆಗೆ ಪ್ರಶ್ನಾರ್ಥಕ ‘ಆ’ ದೊರೆಯುತ್ತವೆ. ಇದೇ ಕೆಲಸವನ್ನು ಕೇಳಲು ತಾಯಿಯ ಮುಂದೆ ಇನ್ನೂ ಸರಳ ರೂಪಗಳಿದ್ದವು:

(2) ನೀಲಿ ಮಾಡಿ.
(3) ನೀಲಿ ಮಾಡಿಕೊಡಿ.
(4) ನೀಲಿ ಮಾಡಿಕೊಡ್ತೀರಾ?
(5) ನೀಲಿ ಮಾಡಿಕೊಡೋಕಾಗುತ್ತಾ?

(2)ರಿಂದ (4)ರವರೆಗಿನ ಮೂರರಲ್ಲಿಯೂ ಕ್ರಿಯಾಪದವು ಎದುರಿಗಿರುವವರೊಡನೆ ಅನ್ವಯ ಪಡೆದಿದೆ. ‘-ಇ’ ಮತ್ತು ‘-ಈರ’ ಎಂಬ ಪ್ರತ್ಯಯಗಳಲ್ಲಿ ‘ನೀವು’ ಅಡಗಿದೆ. (5)ರಲ್ಲಿ ಅನ್ವಯವು ಯಾರೊಡನೆಯೂ ಇಲ್ಲ. ನಪುಂಸಕ ಏಕವಚನದ ‘ಆಗುತ್ತೆ’ ಕೆಲಸವನ್ನಷ್ಟೇ ಸೂಚಿಸುತ್ತದೆ. ಹೀಗಾಗಿ ‘ಆಗಲ್ಲ’ ಎಂಬ ಉತ್ತರ ಬಂದರೂ ನಿರಾಕರಿಸಿದ ವ್ಯಕ್ತಿಯೊಬ್ಬ ವ್ಯಾಕರಣದಲ್ಲಿ ಕಾಣಿಸುವುದಿಲ್ಲ. (4)ಕ್ಕೆ ನಿರಾಕರಣೆಯ ಉತ್ತರ ‘ಮಾಡಿಕೊಡಲ್ಲ’ ಎಂದಾಗುತ್ತದೆ. ಅದನ್ನು ಅಪರಿಚಿತರಿಗೆ ಹೇಳುವುದು ಜಗಳಕ್ಕೆ ಸಮ. (4)ನ್ನು ಕೇಳಿಸಿಕೊಂಡವರು ಸಹ ಬಹುಮಟ್ಟಿಗೆ ‘ಆಗಲ್ಲ’ ಎಂದೇ ಉತ್ತರಿಸುತ್ತಾರೆ, ಅಂದರೆ ಪ್ರಶ್ನೆಯಲ್ಲಿಲ್ಲದ ‘ಆಗು’ವನ್ನು ಉತ್ತರದಲ್ಲಿ ತಂದುಕೊಳ್ಳುತ್ತಾರೆ.

ಬ್ರೌನ್ ಮತ್ತು ಲೆವಿನ್ಸನ್ ತಮ್ಮ ಸೌಜನ್ಯ ಸಿದ್ಧಾಂತದಲ್ಲಿ (1987) ಹೇಳುಗ ಮತ್ತು ಕೇಳುಗರನ್ನು ವಾಕ್ಯದಿಂದ ಮರೆಮಾಡುವುದನ್ನು ಒಂದು ತಂತ್ರವೆಂದು ಗುರುತಿಸಿದ್ದಾರೆ. ಅವರ ಮೂರು ಮುಖ್ಯ ಭಾಷೆಗಳಲ್ಲಿ ತಮಿಳೂ ಒಂದಾದ್ದರಿಂದ ಇದು ನಮಗೆ ದೂರದ ಮಾತಲ್ಲ. ಆದರೆ ಕನ್ನಡದಲ್ಲಿ ಮರೆಮಾಡಿದ ಕರ್ತೃವನ್ನು ಮತ್ತೆ ತಂದಾಗ ಏನಾಗುತ್ತದೆ ಎಂಬುದು ಹೆಚ್ಚು ಸ್ವಾರಸ್ಯದ ಸಂಗತಿ. ಅದನ್ನು ಎರಡು ಬಗೆಯಲ್ಲಿ ತರಬಹುದು:

(6) ನಿಮಗೆ ನೀಲಿ ಮಾಡಿಕೊಡೋಕಾಗುತ್ತಾ?
(7) ನಿಮ್ಮ ಕೈಲಿ ನೀಲಿ ಮಾಡೋಕಾಗುತ್ತಾ?

ಚತುರ್ಥಿಯ (6) ಇನ್ನೂ ವಿನಂತಿಯಾಗಿಯೇ ಉಳಿಯುತ್ತದೆ. ಬಿಡುವು, ಅನುಕೂಲಗಳನ್ನು ವಿಚಾರಿಸಿದಂತಿದೆ. (7) ಹಾಗಲ್ಲ. ‘ನಿಮ್ಮ ಕೈಲಿ’ ಅಥವಾ ‘ನಿಮ್ಮಿಂದ’ ಎಂಬುದು ಸೇರಿದೊಡನೆ ಪ್ರಶ್ನೆಯು ಸಾಮರ್ಥ್ಯದ ಪರೀಕ್ಷೆಯಾಗುತ್ತದೆ. ಛಾಯಾಗ್ರಾಹಕರು ಅದನ್ನು ಸವಾಲೆಂದು ಕೇಳಿಸಿಕೊಂಡರೆ ಅವರದೇನೂ ತಪ್ಪಿಲ್ಲ. ಇಂಗ್ಲಿಷಿನಲ್ಲಿ ಸಾಮರ್ಥ್ಯವನ್ನು ಕೇಳುವ ಪ್ರಶ್ನೆಯೇ ವಿನಂತಿಯ ರೂಢಿಯ ರೂಪವಾಗಿದ್ದು, ಅದರಲ್ಲಿ ‘ನೀವು’ ಕರ್ತೃಸ್ಥಾನದಲ್ಲಿ ಇರಲೇಬೇಕು. ಕನ್ನಡದ ರೂಪವನ್ನು ಅದಕ್ಕೆ ಸಮನೆಂದು ಹೇಳುವ ಬೋಧನಾ ಪಠ್ಯಗಳು ಕಲಿಯುವವರನ್ನು (7)ರ ಕಡೆಗೆ ತಳ್ಳುವ ಅಪಾಯವಿದೆ. ಇಲ್ಲಿ ವಿನಂತಿಯ ಅರ್ಥವು ಸಾಮರ್ಥ್ಯದ ಪ್ರಶ್ನೆಯಿಂದ ಹೊಮ್ಮುತ್ತಿಲ್ಲ. ಸಾಮರ್ಥ್ಯ ಯಾರದೆಂಬುದನ್ನು ಹೇಳದೆ ಬಿಟ್ಟದ್ದರಿಂದ ಅದಕ್ಕೆ ಜಾಗ ದೊರೆತಿದೆ.

ನಿಷೇಧರೂಪದ ಪ್ರಶ್ನೆಯ ವಿಷಯದಲ್ಲಿಯೂ ಇಂಥದೇ ಎಚ್ಚರ ಬೇಕು. ಕೇಳಿದ್ದು ಸಿಗಲಾರದೆಂಬ ನಿರಾಶೆಯನ್ನು ಮೊದಲೇ ತೋರಿಸುವುದನ್ನು ಬ್ರೌನ್ ಮತ್ತು ಲೆವಿನ್ಸನ್ ಸೌಜನ್ಯದ ತಂತ್ರಗಳಲ್ಲಿ ಸೇರಿಸುತ್ತಾರೆ. ಕನ್ನಡದ ‘ಮಾಡಿಕೊಡೋಕಾಗಲ್ವಾ?’ ನೋಟಕ್ಕೆ ಅಂಥದೇ ರೂಪ. ಬಳಕೆಯಲ್ಲಿ ಅದು ಅಂಗಲಾಚುವಿಕೆ ಇಲ್ಲವೆ ಆಕ್ಷೇಪ. ಒಮ್ಮೆ ಕೇಳಿ ಇಲ್ಲವೆನಿಸಿಕೊಂಡವರ ಎರಡನೆಯ ಮಾತು. ಮೊದಲ ಸಂದೇಶದಲ್ಲಿ ಅದು ಬಂದಿದ್ದರೆ ಒತ್ತಡ ಹೆಚ್ಚುತ್ತಿತ್ತೇ ವಿನಾ ಕಡಿಮೆಯಾಗುತ್ತಿರಲಿಲ್ಲ.

ಮೂರು ಕೊಡುಗೆಗಳು

(5)ರಿಂದ ‘ಕೊಡು’ವನ್ನು ತೆಗೆದರೆ ‘ನೀಲಿ ಮಾಡೋಕಾಗುತ್ತಾ?’ ಎಂದು ಉಳಿಯುತ್ತದೆ. ಅದು ತಂತ್ರದ ಬಗೆಗಿನ ಪ್ರಶ್ನೆ. ಬಿಳಿ ಬಟ್ಟೆಯನ್ನು ಚಿತ್ರದಲ್ಲಿ ನೀಲಿಯಾಗಿಸಬಹುದೇ ಎಂದು ಕುತೂಹಲದಿಂದ ಕೇಳುವ ಯಾರೂ ಹಾಗೆ ಕೇಳಬಹುದು, ‘ಆಗುತ್ತೆ’ ಎಂಬುದು ಅದಕ್ಕೆ ಪೂರ್ಣವಾದ ಉತ್ತರ. ‘ಕೊಡು’ ಸೇರಿದಾಗ ಕೆಲಸದ ಫಲ ಮತ್ತೊಬ್ಬರಿಗೆ ಸಲ್ಲಬೇಕಾಗುತ್ತದೆ. ಆ ಮತ್ತೊಬ್ಬರು ಯಾರೆಂದು ವಾಕ್ಯ ಹೇಳದಿದ್ದರೂ ಕೇಳುತ್ತಿರುವವರೇ ಎಂದು ತಿಳಿಯುತ್ತದೆ. ಆದ್ದರಿಂದ ‘ಆಗುತ್ತೆ’ ಎಂಬ ಅದೇ ಉತ್ತರ ಈಗ ಒಪ್ಪಿಗೆಯ ಛಾಯೆಯನ್ನು ಪಡೆಯುತ್ತದೆ. ಪ್ರಶ್ನೆಯನ್ನು ವಿನಂತಿಯಾಗಿಸಿದ್ದು ‘ಕೊಡು’, ವಿನಂತಿಯನ್ನು ಮೆತ್ತಗಾಗಿಸಿದ್ದು ‘ಆಗು’ ಎಂದು ಹಂಚಿ ಹೇಳಬಹುದು.

ಸಂದೇಶದಲ್ಲಿ ಈ ಧಾತು ಮೂರು ಬಾರಿ ಬಂದಿದೆ. ಸ್ಟುಡಿಯೋದವರು ‘ಮಾಡಿಕೊಡ’ಬೇಕು, ಹಣವನ್ನು ‘ಕೊಡ್ತೀವಿ’, ‘ತೊಂದರೆ ಕೊಡ್ತಿದೀನಿ’. ಮೊದಲನೆಯದು ಸಹಾಯಕ ಧಾತು, ಎರಡನೆಯದು ಸ್ವತಂತ್ರ ಧಾತು, ಮೂರನೆಯದು ನಾಮಪದದೊಡನೆ ಕೂಡಿದ ನುಡಿಗಟ್ಟು. ಮೂರನ್ನೂ ಒಂದೇ ಎಳೆಯೆಂದು ವ್ಯಾಕರಣದ ಬಲದಿಂದ ವಾದಿಸಲಾಗದು. ಆದರೂ ಎರಡನೆಯ ಮತ್ತು ಮೂರನೆಯ ರೂಪಗಳ ವಚನ ಬೇರೆಯಾಗಿರುವುದು ಆಕಸ್ಮಿಕವೆಂದು ನಮಗೆ ತೋರುವುದಿಲ್ಲ. ಹಣ ಕೊಡುವವರು ‘ನಾವು’, ಅಂದರೆ ಮನೆಯವರು. ಫೋಟೋ ವಿಷಯ ಗೊತ್ತಾಗದೆ ಹೋದದ್ದೂ ‘ನಮಗೆ’. ತೊಂದರೆ ಕೊಡುತ್ತಿರುವವಳು ಮಾತ್ರ ‘ನಾನು’. ಹೊಣೆಯನ್ನು ಮನೆಯ ಮೇಲೆ ಹಾಕಿ, ಕೇಳುವ ಸಂಕೋಚವನ್ನು ತಾನೊಬ್ಬಳೇ ಇಟ್ಟುಕೊಂಡ ಹಾಗಿದೆ. ತಮಿಳು, ತೆಲುಗುಗಳಲ್ಲಿ ಕೇಳುಗನನ್ನು ಒಳಗೊಳ್ಳುವ ಮತ್ತು ಒಳಗೊಳ್ಳದ ‘ನಾವು’ಗಳು ಬೇರೆ ಬೇರೆ, ಇಂದಿನ ಕನ್ನಡದಲ್ಲಿ ಆ ಭೇದವಿಲ್ಲದಿದ್ದರೂ ಇಲ್ಲಿನ ‘ನಾವು’ ಯಾರೆಂಬುದರಲ್ಲಿ ಗೊಂದಲವಿಲ್ಲ.

‘ಗೊತ್ತಾಗ್ಲಿಲ್ಲ’ ಎಂಬ ಆಯ್ಕೆಯನ್ನೂ ನೋಡಬೇಕು. ‘ಸ್ಕೂಲಿನವರು ತಿಳಿಸಲಿಲ್ಲ’ ಎಂದು ಬರೆದಿದ್ದರೆ ಶಾಲೆಯ ಮೇಲೆ ದೂರಾಗುತ್ತಿತ್ತು, ಅದೂ ಶಾಲೆಯಿಂದ ಕೆಲಸ ಪಡೆದವರ ಮುಂದೆ. ‘ನಾವು ಮರೆತೆವು’ ಎಂದಿದ್ದರೆ ತಪ್ಪೊಪ್ಪಿಗೆ. ಚತುರ್ಥಿಯ ‘ನಮಗೆ ಗೊತ್ತಾಗ್ಲಿಲ್ಲ’ದಲ್ಲಿ ತಿಳಿವಳಿಕೆಯು ಬರಬೇಕಾದಲ್ಲಿಗೆ ಬರಲಿಲ್ಲ ಎಂಬಷ್ಟೇ ಇದೆ. ತಿಳಿಸಿದವರಾರು, ಓದದೆ ಬಿಟ್ಟವರಾರು ಎಂಬುದು ಅದರಾಚೆ ಉಳಿಯಿತು.

ಉತ್ತರ, ಮತ್ತು ‘ಅಂತೆ’

ಸ್ಟುಡಿಯೋದಿಂದ ಬಂದ ಉತ್ತರ:

(8) “ಆಗುತ್ತೆ ಮೇಡಂ. ಆದ್ರೆ ಸ್ಕೂಲಿಂದ ಹೇಳಿಸಿ.”

ಪರೋಕ್ಷ ವಾಕ್‌ಕ್ರಿಯೆಗಳನ್ನು ಕುರಿತ ಸರ್ಲ್‌ನ 1975ರ ಲೇಖನದಿಂದ ನಮಗೆ ಪರಿಚಿತವಾದ ಸಂಗತಿಯೆಂದರೆ, ಇಂಥ ಪ್ರಶ್ನೆಯಲ್ಲಿ ಅಕ್ಷರಾರ್ಥವು ಅಳಿದು ಹೋಗಿರುವುದಿಲ್ಲ, ಕೇಳುಗನು ಅದಕ್ಕೂ ಉತ್ತರಿಸಬಹುದು. (8)ರಲ್ಲಿ ಆದದ್ದು ಅದೇ. ಮೊದಲ ವಾಕ್ಯ ಪ್ರಶ್ನೆಗೆ ಪೂರ್ಣ ಉತ್ತರ ಕೊಟ್ಟಿದೆ. ಎರಡನೆಯದು ವಿನಂತಿಯನ್ನು ಬೇರೆಡೆಗೆ ತಿರುಗಿಸಿದೆ. ತಿರುಗಿಸಲು ಸಾಧ್ಯವಾದದ್ದು (5)ರಲ್ಲಿ ಕರ್ತೃ ಇಲ್ಲದ್ದರಿಂದಲೇ. ಯಾರು ಮಾಡಿಕೊಡಬೇಕೆಂದು ಹೇಳದ ವಿನಂತಿಯಲ್ಲಿ ಯಾರ ಮಾತಿನ ಮೇಲೆ ಮಾಡಿಕೊಡಬೇಕೆಂಬುದೂ ತೆರೆದಿರುತ್ತದೆ. ‘ಹೇಳಿಸಿ’ ಎಂಬ ಪ್ರೇರಣಾರ್ಥಕ ರೂಪ ಅಲ್ಲಿನ ಅಧಿಕಾರದ ಕ್ರಮವನ್ನು ತಾಯಿಗೆ ಒಂದೇ ಪದದಲ್ಲಿ ತಿಳಿಸಿತು: ಹೇಳತಕ್ಕವರು ಬೇರೆ, ನೀವು ಅವರಿಂದ ಹೇಳಿಸತಕ್ಕವರು.

ಬ್ರೌನ್ ಮತ್ತು ಲೆವಿನ್ಸನ್ ಅವರ ಲೆಕ್ಕದಲ್ಲಿ ವಿನಂತಿಯ ಭಾರವು ಇಬ್ಬರ ನಡುವಿನ ಸಾಮಾಜಿಕ ಅಂತರ, ಕೇಳುಗನ ಅಧಿಕಾರ, ಕೇಳಿದ್ದರ ಹೊರೆ ಇವುಗಳ ಮೊತ್ತ. ಗಿರಾಕಿ ಮತ್ತು ಅಂಗಡಿ ಎಂದು ಭಾವಿಸಿದರೆ ತಾಯಿಯ ಸಂದೇಶ ಬೇಕಾದುದಕ್ಕಿಂತ ಹೆಚ್ಚು ಬಾಗಿದಂತೆ ಕಾಣುತ್ತದೆ. ಆದರೆ ಈ ಚಿತ್ರದ ವಿಷಯದಲ್ಲಿ ಅವಳು ಗಿರಾಕಿಯಲ್ಲ. ಮೂರನೆಯವರು ಮಾಡಿಸಿದ ಕೆಲಸದ ಒಂದು ಪ್ರತಿಯನ್ನು ಕೊಳ್ಳುವವಳು. ಇಬ್ಬರ ನಡುವೆ ಅಳೆದ ಸೂತ್ರಕ್ಕೆ ಈ ಮೂರನೆಯವರು ಸಿಗುವುದಿಲ್ಲ. (5)ರ ರೂಪವನ್ನು ಆಯ್ದ ತಾಯಿಗೆ ಅದು ಅರಿವಿಗೆ ಬಾರದೆಯೂ ಗೊತ್ತಿದ್ದಿರಬಹುದು.

ಬಳಿಕ ಅವಳು ತರಗತಿಯ ಶಿಕ್ಷಕಿಗೆ ಬರೆದಳು:

(9) “ಮೇಡಂ, ಫೋಟೋದಲ್ಲಿ ಇವನ ಶರ್ಟ್ ಬಿಳಿ ಇದೆಯಲ್ಲ, ಸ್ಟುಡಿಯೋದವರು ನೀವೊಂದು ಮಾತು ಹೇಳಿದ್ರೆ ನೀಲಿ ಮಾಡಿಕೊಡ್ತಾರಂತೆ.”

ಇದರಲ್ಲಿ ಕೇಳಿಕೆಯ ಕ್ರಿಯಾಪದವಿಲ್ಲ, ಪ್ರಶ್ನೆಯೂ ಇಲ್ಲ. ಇರುವುದು ವರದಿ. ‘ಅಂತೆ’ ಎಂಬ ಅಂಟು ರೂಪವು ಮಾತಿನ ಮೂಲ ಬೇರೆಯವರೆಂದು ಸೂಚಿಸುತ್ತದೆಯೆಂಬುದು ಕನ್ನಡ ವ್ಯಾಕರಣಗಳಲ್ಲಿ ನೆಲೆಗೊಂಡ ವಿಚಾರ. ಇಲ್ಲಿ ಅದು ಹೊತ್ತಿರುವ ಕೆಲಸವನ್ನು ತಿಳಿಯಲು ಅದನ್ನು ತೆಗೆದು ನೋಡಬೇಕು. ‘ನೀವೊಂದು ಮಾತು ಹೇಳಿದ್ರೆ ಮಾಡಿಕೊಡ್ತಾರೆ’ ಎಂದರೆ ತಾಯಿ ತನ್ನ ನಂಬಿಕೆಯನ್ನು ಪ್ರತಿಪಾದಿಸಿದಂತೆ. ಎಲ್ಲವೂ ನಿಮ್ಮ ಕೈಯಲ್ಲಿದೆ, ಇನ್ನೂ ಯಾಕೆ ಹೇಳಿಲ್ಲ ಎಂಬ ಒತ್ತಡದ ಎಳೆ ಅದರಲ್ಲಿ ಕೇಳಿಸುತ್ತದೆ. ‘ಅಂತೆ’ ಇದ್ದಾಗ ಶಿಕ್ಷಕಿಯ ಮಾತಿಗೆ ಬೆಲೆಯಿದೆ ಎಂದವರು ಸ್ಟುಡಿಯೋದವರು. ಶಿಕ್ಷಕಿ ‘ಹೌದಾ’ ಎಂದು ಸುಮ್ಮನಾದರೂ ಸಂಭಾಷಣೆ ಅಲ್ಲಿಗೆ ಸರಿಯಾಗಿಯೇ ಮುಗಿಯುತ್ತದೆ, ಯಾರ ಮಾತೂ ಬಿದ್ದುಹೋಗುವುದಿಲ್ಲ.

(8)ನ್ನೂ (9)ನ್ನೂ ಪಕ್ಕದಲ್ಲಿಟ್ಟರೆ ‘ಅಂತೆ’ಯ ಮತ್ತೊಂದು ಗುಣ ಕಾಣುತ್ತದೆ. ಸ್ಟುಡಿಯೋದವರು ‘ನೀವು ಹೇಳಿದರೆ’ ಎಂದಿರಲಿಲ್ಲ. ‘ಮಾಡಿಕೊಡುತ್ತೇವೆ’ ಎಂದೂ ಅಂದಿರಲಿಲ್ಲ. ಅವರು ಅಂದದ್ದು ‘ಆಗುತ್ತೆ’ ಮತ್ತು ‘ಹೇಳಿಸಿ’. ತಾಯಿಗೆ ಕೊಟ್ಟ ಆಜ್ಞೆಯು ಶಿಕ್ಷಕಿಯನ್ನು ಕುರಿತ ಷರತ್ತಾಗಿದೆ. ಕರ್ತೃವಿಲ್ಲದ ‘ಆಗುತ್ತೆ’ಗೆ ‘ಸ್ಟುಡಿಯೋದವರು’ ಎಂಬ ಕರ್ತೃ ದೊರೆತಿದ್ದಾರೆ, ಜೊತೆಗೆ (5)ರ ‘ಕೊಡು’ ಅವರ ಬಾಯಿಗೆ ಬಂದಿದೆ. ‘ಅಂತ ಹೇಳಿದ್ರು’ ಎಂದು ಬರೆದಿದ್ದರೆ ಈ ಬದಲಾವಣೆಗೆ ತಾಯಿ ಉತ್ತರದಾಯಿಯಾಗಬೇಕಿತ್ತು, ಏಕೆಂದರೆ ಅದು ಒಂದು ನಿರ್ದಿಷ್ಟ ಉಕ್ತಿ ನಡೆಯಿತೆಂದು ಹೇಳುತ್ತದೆ. ‘ಅಂತೆ’ ತಾತ್ಪರ್ಯವನ್ನು ದಾಟಿಸುತ್ತದೆ, ಮಾತುಗಳಿಗೆ ಜಾಮೀನು ನಿಲ್ಲುವುದಿಲ್ಲ. ಪರರ ಮಾತೆಂದು ಗುರುತಿಸುವ ರೂಪಗಳನ್ನು ಜ್ಞಾನದ ಮೂಲವನ್ನು ಸೂಚಿಸುವ ಸಾಧನಗಳೆಂದು ಮಾತ್ರ ವರ್ಗೀಕರಿಸುವಾಗ ಈ ಉಪಯೋಗ ಕೈಬಿಟ್ಟು ಹೋಗುತ್ತದೆ.

ಶಿಕ್ಷಕಿ ಸ್ಟುಡಿಯೋಗೆ ಬರೆದದ್ದು ಎರಡೇ ಸಾಲು: “ಆ ಹುಡುಗನ ಶರ್ಟ್ ನೀಲಿ ಮಾಡ್ಬಿಡಿ. ಆಮೇಲೆ ಪ್ರಿಂಟಿಗೆ ಹಾಕಿ.” ‘ಕೊಡು’ವಿನ ಜಾಗದಲ್ಲಿ ‘ಬಿಡು’ ಬಂದಿದೆ. ಫಲ ಯಾರಿಗೆಂಬ ಸೂಚನೆ ಅಳಿದು, ಕೆಲಸ ಮುಗಿಯಲಿ ಎಂಬುದಷ್ಟೇ ಉಳಿದಿದೆ. ಇದು ಒರಟುತನವಲ್ಲ, ಹೇಳುವ ಸ್ಥಾನದಲ್ಲಿದ್ದವರಿಗೆ ಋಣದ ಲೆಕ್ಕ ಬೇಕಾಗುವುದಿಲ್ಲ.

‘ಸ್ವಲ್ಪ ನೀಲಿ’

ತಿದ್ದಿದ ಮಾದರಿಯಲ್ಲಿ ಅಂಗಿ ತಿಳಿನೀಲಿಯಾಗಿತ್ತು. ಸುತ್ತಲಿನ ಕಡುನೀಲಿಯ ನಡುವೆ ಹುಡುಗ ಈಗಲೂ ಬೇರೆಯಾಗಿಯೇ ಕಾಣುತ್ತಿದ್ದ. ಇಲ್ಲಿ ನಮ್ಮ ಗಮನ ಸಹಜವಾಗಿ (1)ರ ‘ಸ್ವಲ್ಪ’ದ ಕಡೆಗೆ ಹರಿಯುತ್ತದೆ. ವಿನಂತಿಗಳಲ್ಲಿ ಈ ಪದ ಪರಿಮಾಣವನ್ನು ಹೇಳದೆ ಕೇಳಿಕೆಯ ಹೊರೆಯನ್ನು ಹಗುರಗೊಳಿಸುತ್ತದೆ. ‘ಸ್ವಲ್ಪ ಬಾಗಿಲು ತೆಗೀರಿ’ ಎಂದಾಗ ಯಾರೂ ಬಾಗಿಲನ್ನು ಎರಡು ಅಂಗುಲ ತೆಗೆದು ನಿಲ್ಲುವುದಿಲ್ಲ. ಆದರೆ ಅದು ಪ್ರಮಾಣ ಉಳ್ಳ ಗುಣವಾಚಕದ ಪಕ್ಕಕ್ಕೆ ಸರಿದರೆ ಎರಡು ಅರ್ಥಗಳು ಒಂದೇ ಜಾಗಕ್ಕೆ ಬರುತ್ತವೆ. ‘ಸ್ವಲ್ಪ ಇವನ ಶರ್ಟ್ ನೀಲಿ ಮಾಡಿಕೊಡಿ’ ಎಂಬಲ್ಲಿ ಅದು ಇಡೀ ವಿನಂತಿಗೆ ಅನ್ವಯಿಸುತ್ತದೆ. ‘ಇವನ ಶರ್ಟ್ ಸ್ವಲ್ಪ ನೀಲಿ ಮಾಡಿಕೊಡಿ’ ಎಂಬಲ್ಲಿ ಬಣ್ಣಕ್ಕೂ ಅನ್ವಯಿಸಬಹುದು. ಮಾತಿನಲ್ಲಾದರೆ ‘ಸ್ವಲ್ಪ’ದ ಬಳಿಕದ ಚಿಕ್ಕ ನಿಲುಗಡೆ ಇದನ್ನು ಬಿಡಿಸುತ್ತಿತ್ತು, ಬರಹದಲ್ಲಿ ಆ ನೆರವಿಲ್ಲ. ಮಿಕ್ಕ ಮಕ್ಕಳ ನೀಲಿಯನ್ನು ತಾಯಿ ಕಾರಣವಾಗಿ ಹೇಳಿದ್ದಾಳೆಯೇ ಹೊರತು ‘ಅದೇ ನೀಲಿ’ ಎಂದು ಅಳತೆಯಾಗಿ ಹೇಳಿಲ್ಲ.

ಹಾಗೆಂದು ತಿಳಿನೀಲಿಯ ಹೊಣೆಯನ್ನು ‘ಸ್ವಲ್ಪ’ದ ತಲೆಗೆ ಕಟ್ಟಲು ನಾವು ಸಿದ್ಧರಿಲ್ಲ. ಕೊನೆಗೆ ಕೆಲಸ ನಡೆದದ್ದು ಶಿಕ್ಷಕಿಯ ಮಾತಿನ ಮೇಲೆ, ಅದರಲ್ಲಿ ‘ಸ್ವಲ್ಪ’ ಇರಲಿಲ್ಲ. ಅದಲ್ಲದೆ ಬಿಳಿ ಬಟ್ಟೆಯ ಮೇಲೆ ಬಣ್ಣದ ಪದರವನ್ನಷ್ಟೇ ಹಾಕಿ ಬೆಳಕಿನ ಮಟ್ಟವನ್ನು ತಗ್ಗಿಸದಿದ್ದರೆ ಬರುವುದು ತಿಳಿನೀಲಿಯೇ. ಕಡುನೀಲಿ ಬೇಕಾದರೆ ಅಂಗಿಯ ಭಾಗವನ್ನು ಬೇರ್ಪಡಿಸಿ, ಮಡಿಕೆಗಳ ನೆರಳು ಉಳಿಯುವಂತೆ ಅದನ್ನು ಕಪ್ಪಾಗಿಸಬೇಕು. ಬಿಸಿಲಲ್ಲಿ ಬಿಳಿ ಬಟ್ಟೆಯ ಮಡಿಕೆಗಳು ಚಿತ್ರದಲ್ಲಿ ಮೂಡದೇ ಹೋಗಿದ್ದರೆ ಅದೂ ಕಷ್ಟ. ಒಂದು ಉದಾಹರಣೆಯಿಂದ ಕಾರಣವನ್ನು ತೀರ್ಮಾನಿಸಲು ಬರುವುದಿಲ್ಲ. ರಚನೆಯಲ್ಲಿ ದ್ವಂದ್ವಾರ್ಥವಿದೆಯೆಂದು ಮಾತ್ರ ಹೇಳಬಹುದು.

ನಮ್ಮ ವಿಶ್ಲೇಷಣೆಗೆ ಇನ್ನೊಂದು ಮಿತಿಯಿದೆ. ಇಲ್ಲಿನ ರೂಪಗಳು ಮೈಸೂರು, ಬೆಂಗಳೂರು ಕಡೆಯವು. ಧಾರವಾಡದ ಕಡೆ ‘ಮಾಡಿ ಕೊಡಲಿಕ್ಕೆ ಆಗ್ತದೇನ್ರಿ?’ ಎನ್ನುವಾಗ ಕ್ರಿಯಾಪದ ನಪುಂಸಕದಲ್ಲಿಯೇ ಇದ್ದು ‘ರಿ’ಯ ಮೂಲಕ ಕೇಳುಗರು ಮತ್ತೆ ವಾಕ್ಯದೊಳಗೆ ಬರುತ್ತಾರೆ. ಕರ್ತೃವಾಗಿ ಅಲ್ಲ, ಗೌರವಕ್ಕೆ ಪಾತ್ರರಾದವರಾಗಿ. ದಕ್ಷಿಣದ ರೂಪದಲ್ಲಿ ಆ ಕೆಲಸವನ್ನು ‘ಸರ್’ ಮಾಡಬೇಕಾಗಿದೆ, ಅದು (1)ರಲ್ಲಿ ಮೊದಲ ವಾಕ್ಯಕ್ಕೇ ಮುಗಿದಿದೆ.

ತಿಳಿನೀಲಿಯ ಮಾದರಿಯನ್ನು ನೋಡಿ ತಾಯಿ ಮತ್ತೆ ಬರೆದಳು: “ತುಂಬ ಥ್ಯಾಂಕ್ಸ್ ಸರ್. ಇನ್ನೂ ಸ್ವಲ್ಪ ಡಾರ್ಕ್ ಬೇಕಿತ್ತು.” ಈ ಬಾರಿಯ ‘ಸ್ವಲ್ಪ’ ನಿಸ್ಸಂದೇಹವಾಗಿ ಪರಿಮಾಣದ್ದು. ‘ಬೇಕಿತ್ತು’ ಎಂಬ ಭೂತರೂಪ ಮಾತ್ರ ಇನ್ನೂ ಎರಡು ಕಡೆಗೆ ತೂಗುತ್ತದೆ. ಕಿರಾಣಿ ಅಂಗಡಿಯಲ್ಲಿ ‘ಒಂದು ಕೆಜಿ ಸಕ್ಕರೆ ಬೇಕಿತ್ತು’ ಎಂದಾಗ ಬೇಕಾಗಿರುವುದು ಈಗಲೇ. ಭೂತಕಾಲವು ಬೇಡಿಕೆಯನ್ನು ಕೇಳುಗನಿಂದ ಒಂದು ಹೆಜ್ಜೆ ದೂರ ಸರಿಸುತ್ತದೆ. ಮುಗಿದ ಕೆಲಸದ ಮುಂದೆ ನಿಂತು ಹೇಳಿದಾಗ ಅದೇ ರೂಪ ‘ಹೀಗಿದ್ದರೆ ಚೆನ್ನಾಗಿತ್ತು, ಆಗಲಿಲ್ಲ’ ಎಂಬ ಹಳಹಳಿಕೆಯಾಗುತ್ತದೆ, ಆಗ ಕೇಳುಗ ಏನನ್ನೂ ಮಾಡಬೇಕಾಗಿಲ್ಲ. ಸ್ಟುಡಿಯೋದವರು ಅದನ್ನು ಯಾವ ಅರ್ಥದಲ್ಲಿ ತೆಗೆದುಕೊಂಡರೆಂಬುದು ಅವರ ಮಾತಿನಿಂದ ತಿಳಿಯಲಿಲ್ಲ, ಏಕೆಂದರೆ ಅವರು ಏನನ್ನೂ ಬರೆಯಲಿಲ್ಲ. ಮರುದಿನ ಕಡುನೀಲಿ ಅಂಗಿಯ ಪ್ರತಿಯೊಂದು ಬಂತು.